ಪದ ಬೇಕು: ಆಟೋಕೋರಿಲೇಶನ್, ಪವರ್ ಸ್ಪೆಕ್ಟ್ರಲ್ ಡೆನ್ಸಿಟಿ (ನಾಳೆ ಅಚ್ಚಿಗೆ)

ಲ್ಯಾಬ್‌ಮೇಡಂ:
ನಮಸ್ಕಾರ. ಡಿಪ್ಲೊಮಾ ಮಕ್ಕಳ ಲ್ಯಾಬ್ ಪುಸ್ತಕ ನಾಳೆ ಪ್ರೆಸ್ಸಿಗೆ ಹೋಗುತ್ತದೆ. ವೈಟ್ ನಾಯ್ಸ್ ಪ್ರಯೋಗದಲ್ಲಿ ಎರಡು ಗ್ರಾಫ್ ಇವೆ. ತಲೆಬರಹ 'ಸ್ವಸಹಸಂಬಂಧ' ಮತ್ತು 'ಶಕ್ತಿ ರೋಹಿತ ಸಾಂದ್ರತೆ' ಅಂತ ಕೊಟ್ಟಿದ್ದೇನೆ. ನಡೆಯುತ್ತಾ? ಸೆಕೆಂಡಿಗೆ 1000 ಸ್ಯಾಂಪಲ್, ಸರಾಸರಿ ಸೊನ್ನೆ, ವೇರಿಯನ್ಸ್ 4 V².

ಅಚ್ಚಗನ್ನಡಿಗ:
ನಡೆಯಲ್ಲ. ಸ್ವಸಹಸಂಬಂಧ ಅಂತ ಯಾವ ಮಗು ಹೇಳೀತು? 'ತನ್ನಂಟು' ಅನ್ನಿ. ಇನ್ನು ರೋಹಿತ ಅಂದರೆ ಕೆಂಪು. ಬಿಳಿ ಗದ್ದಲಕ್ಕೆ ಕೆಂಪು ಹೆಸರಾ?

ಹಳೇರೇಡಿಯೋ:
ರೋಹಿತಕ್ಕೆ ಕಾಮನಬಿಲ್ಲಿನ ನಂಟೂ ಇದೆ, ಅಮರಕೋಶ ನೋಡಿ. ಅದು ಬಿಡಿ. ಮೇಡಂ, ನಿಜವಾದ ತಪ್ಪು 'ಶಕ್ತಿ'ಯಲ್ಲಿದೆ. ನಮ್ಮ ಹೈಸ್ಕೂಲು ಪುಸ್ತಕಗಳಲ್ಲಿ ಶಕ್ತಿ ಅಂದರೆ ಎನರ್ಜಿ, ಪವರ್‌ಗೆ ಸಾಮರ್ಥ್ಯ. ಇಲ್ಲಿ ಎರಡನ್ನೂ ಬೆರೆಸಿದರೆ ಲೆಕ್ಕವೇ ಕೆಡುತ್ತದೆ. ನಿಮ್ಮ ನಾಯ್ಸ್ ನಿಲ್ಲದೆ ಬರ್ತಾನೇ ಇರುತ್ತದೆ, ಕಾದಷ್ಟೂ ಅದರ ಒಟ್ಟು ಎನರ್ಜಿ ಬೆಳೆಯುತ್ತದೆ, ಮಿತಿಯೇ ಇಲ್ಲ. ಪವರ್ ಮಾತ್ರ ಯಾವಾಗ ಅಳೆದರೂ 4 V². ಆ ನಾಲ್ಕನ್ನು −500 ರಿಂದ +500 Hz ವರೆಗೆ ಸಮನಾಗಿ ಹರಡಿ. ಒಂದು ಹರ್ಟ್ಸ್ ಪಾಲಿಗೆ 0.004 V² ಬರುತ್ತದೆ. ಸಾಂದ್ರತೆ ಅನ್ನೋದು ಅದಕ್ಕೇ.

ಬಿಇ_ಮುಗೀತು:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ವೈಟ್ ಅಂದರೆ ಗಾಸಿಯನ್. ಒಂದು ಸ್ಯಾಂಪಲ್‌ಗೂ ಮುಂದಿನದಕ್ಕೂ ಸಂಬಂಧ ಇಲ್ಲ. ಹಾಗಾಗಿ ಆಟೋಕೋರಿಲೇಶನ್ ಪೂರ್ತಿ ಸೊನ್ನೆ. ಗ್ರಾಫೇ ಬೇಡ.

ಹಳೇರೇಡಿಯೋ:
ಸಂಬಂಧ ಇಲ್ಲ ಅನ್ನೋದು ಸರಿ. ಉಳಿದದ್ದು ಸರಿಯಲ್ಲ. ಸರಿಸದೆ, ಸಿಗ್ನಲನ್ನು ಅದರ ಮೇಲೇ ಇಟ್ಟು ಗುಣಿಸಿದರೆ ಪ್ರತಿ ಸ್ಯಾಂಪಲ್‌ನ ವರ್ಗ ಸಿಗುತ್ತದೆ. ಅದರ ಸರಾಸರಿ 4. ಒಂದು ಹೆಜ್ಜೆ ಸರಿಸಿದರೂ ಸಾಕು, ಪ್ಲಸ್ಸು ಮೈನಸ್ಸು ಹೊಡೆದುಕೊಂಡು ಸೊನ್ನೆ. ಗ್ರಾಫಿನಲ್ಲಿ ನಡುವೆ ಒಂದೇ ಕಡ್ಡಿ. ಆ ಒಂಟಿ ಕಡ್ಡಿಯ ಫೂರಿಯರ್ ರೂಪವೇ ಚಪ್ಪಟೆ ಗೆರೆ. ವೀನರ್ 1930ರಲ್ಲೂ ಖಿಂಚಿನ್ 1934ರಲ್ಲೂ ತೋರಿಸಿದ ನಂಟು ಇದೇ.

ಗಾಸಿಯನ್ ಆಗಬೇಕೆಂದೇನೂ ಇಲ್ಲ. ನಾಣ್ಯ ಚಿಮ್ಮಿ, ತಲೆಗೆ +2 V, ಬಾಲಕ್ಕೆ −2 V ಬರೆಯುತ್ತಾ ಹೋಗಿ. ವೇರಿಯನ್ಸ್ 4, ಅದೇ ಕಡ್ಡಿ, ಅದೇ ಗೆರೆ. ಅದೂ ವೈಟೇ.

ಕ್ಯಾಸೆಟ್‌ಪ್ರೇಮಿ:
ನನ್ನ ಹತ್ತಿರ ಹಳೇ ತಾಳಮದ್ದಳೆ ಕ್ಯಾಸೆಟ್ ಇವೆ. ಹಿಂದೆ 'ಗುಂಯ್' ಅಂತ ಸದ್ದು. ಅದೂ ವೈಟ್ ನಾಯ್ಸಾ? ತೆಗೆಯೋದು ಹೇಗೆ?

ಹಳೇರೇಡಿಯೋ:
'ಸ್ಸ್' ಅನ್ನೋದು ವೈಟ್‌ಗೆ ಹತ್ತಿರ. 'ಗುಂಯ್' ಕರೆಂಟಿನ ಹಮ್ ಇರಬೇಕು. ಹಾಗಿದ್ದರೆ ಆಟೋಕೋರಿಲೇಶನ್ 20 ಮಿಲಿಸೆಕೆಂಡಿಗೊಮ್ಮೆ ಮತ್ತೆ ಮೇಲೇಳುತ್ತದೆ, ಸ್ಪೆಕ್ಟ್ರಮ್‌ನಲ್ಲಿ 50 Hz ಮತ್ತು ಅದರ ಪಟ್ಟುಗಳಲ್ಲಿ ಮೊನೆ ಕಾಣುತ್ತದೆ. ತೆಗೆಯೋದಕ್ಕೆ ಬೇರೆ ಎಳೆ ಶುರು ಮಾಡಿ.

ಲ್ಯಾಬ್‌ಮೇಡಂ:
`scipy.signal.periodogram` ಹಾಕಿದೆ. ಗೆರೆ 0.004ರ ಹತ್ತಿರ ಇಲ್ಲ, 0.008ರ ಸುತ್ತ ಇದೆ. ಚಪ್ಪಟೆಯೂ ಅಲ್ಲ, ಪೊದೆ ಥರ ಇದೆ. ಸ್ಯಾಂಪಲ್ ಜಾಸ್ತಿ ಮಾಡಲಾ?

ಹಳೇರೇಡಿಯೋ:
0.008 ಸರಿಯೇ. ಸಿಗ್ನಲ್ ರಿಯಲ್ ಆಗಿದ್ದರೆ ಆ ಫಂಕ್ಷನ್ ಮೈನಸ್ ಕಡೆಯದನ್ನು ಪ್ಲಸ್ ಕಡೆಗೆ ಮಡಚಿ ಕೊಡುತ್ತದೆ. 0.008 × 500, ಮತ್ತೆ ಅದೇ 4. ಗ್ರಾಫಿನ ಕೆಳಗೆ 'ಒಂದು ಬದಿ' ಅಂತ ಬರೆಯಿರಿ, ಇಲ್ಲದಿದ್ದರೆ ಮಕ್ಕಳು ಎರಡು ಪಟ್ಟು ತಪ್ಪುತ್ತಾರೆ.

ಪೊದೆ ಮಾತ್ರ ಸ್ಯಾಂಪಲ್ ಹೆಚ್ಚಿಸಿದರೆ ಹೋಗಲ್ಲ. ಚುಕ್ಕೆಗಳು ಒತ್ತೊತ್ತಾಗುತ್ತವೆ ಅಷ್ಟೆ. ಒಂದೊಂದು ಚುಕ್ಕೆಯ ಏರಿಳಿತ ಅದರ ಸರಾಸರಿಯಷ್ಟೇ ದೊಡ್ಡದಾಗಿ ಉಳಿಯುತ್ತದೆ. ದತ್ತಾಂಶವನ್ನು 16 ತುಂಡು ಮಾಡಿ, ಪ್ರತಿಯೊಂದರ ಸ್ಪೆಕ್ಟ್ರಮ್ ತೆಗೆದು ಸರಾಸರಿ ಮಾಡಿ. ಏರಿಳಿತ ಕಾಲು ಭಾಗಕ್ಕೆ ಇಳಿಯುತ್ತದೆ. ಬದಲಿಗೆ ಪಕ್ಕಪಕ್ಕದ ಆವರ್ತಾಂಕಗಳನ್ನು ಬೇರೆ ಮಾಡಿ ನೋಡುವ ಶಕ್ತಿ (ಕ್ಷಮಿಸಿ, ಸಾಮರ್ಥ್ಯ!) ಕಮ್ಮಿಯಾಗುತ್ತದೆ. ವೈಟ್ ನಾಯ್ಸ್‌ಗೆ ಅದರಿಂದ ನಷ್ಟವಿಲ್ಲ, ನೋಡೋಕೆ ಮೊನೆಯೇ ಇಲ್ಲವಲ್ಲ. `scipy.signal.welch` ಹೆಚ್ಚುಕಮ್ಮಿ ಇದನ್ನೇ ಮಾಡುತ್ತದೆ, ತುಂಡುಗಳನ್ನು ಒಂದರ ಮೇಲೊಂದು ಅರ್ಧ ಹೊದೆಸುತ್ತದೆ.

ಬಿಇ_ಮುಗೀತು:
ಕೊನೆಗೆ ಇಂಗ್ಲಿಷ್ ಹೆಸರೇ ವಾಸಿ ಅಂತ ಆಯ್ತು, ಅಲ್ವಾ?

ಅಚ್ಚಗನ್ನಡಿಗ:
ಯಾರು ಹೇಳಿದ್ದು? ಮೇಲಿನ ವಿವರಣೆಯೆಲ್ಲ ಕನ್ನಡದಲ್ಲೇ ಆಯಿತು. ತಲೆಬರಹಕ್ಕೆ ಮಾತ್ರ ಯಾಕೆ ಸಾಲ?

ಲ್ಯಾಬ್‌ಮೇಡಂ:
ಮೊದಲನೇ ಗ್ರಾಫಿಗೆ 'ಆಟೋಕೋರಿಲೇಶನ್', ಎರಡನೆಯದಕ್ಕೆ 'ಸಾಮರ್ಥ್ಯ ರೋಹಿತ ಸಾಂದ್ರತೆ (ಒಂದು ಬದಿ), V²/Hz'. ಪ್ರೆಸ್ಸಿಗೆ ಕಳಿಸಿದೆ.

ಅಚ್ಚಗನ್ನಡಿಗ:
ಆಟೋ ಅಂದರೆ ಮಕ್ಕಳು ರಿಕ್ಷಾ ಅಂದುಕೊಳ್ತಾರೆ. ನೋಡ್ತಿರಿ.