ಫಾರಂ 16ರಲ್ಲಿ 78,000, 26ಎಎಸ್‌ನಲ್ಲಿ 58,500: ಉಳಿದ ಟಿಡಿಎಸ್ ಎಲ್ಲಿ?

ಹಾಸನದವ
2024-25ರ ರಿಟರ್ನ್ ಹಾಕಲು ಕೂತಿದ್ದೇನೆ. ಕಂಪನಿ ಕೊಟ್ಟ ಫಾರಂ 16ರಲ್ಲಿ ಟಿಡಿಎಸ್ 78,000 ಇದೆ. ನನ್ನ ಪ್ಯಾನ್‌ಗೆ ಜಮೆಯಾದ ತೆರಿಗೆ ತೋರಿಸುವ, ಪೋರ್ಟಲ್‌ನ 26ಎಎಸ್‌ನಲ್ಲಿ ಬರೀ 58,500. ಸಂಬಳದಿಂದ ತಿಂಗಳಿಗೆ 6,500 ಕಡಿತ ಆಗಿರುವುದು ಪೇಸ್ಲಿಪ್‌ನಲ್ಲಿ ಸರಿಯಾಗಿದೆ. 2025ರ ಸೆಪ್ಟೆಂಬರ್ 15 ಕೊನೆ ದಿನ. ಏನು ಮಾಡಲಿ?

ಮಲ್ಲಿಗೆ
ಪೋರ್ಟಲ್‌ನ ವಾರ್ಷಿಕ ಮಾಹಿತಿ ಪಟ್ಟಿ ಎಐಎಸ್‌ನಲ್ಲಿ ಫೀಡ್‌ಬ್ಯಾಕ್ ಕೊಡಿ. ನನ್ನ ಎಫ್‌ಡಿ ಬಡ್ಡಿ ಎರಡು ಸಲ ಬಂದಿತ್ತು, ಹಾಗೇ ಸರಿ ಹೋಯ್ತು.

ಲೆಕ್ಕದವನು
ಮಲ್ಲಿಗೆ ಅವರೇ, ನಿಮ್ಮದು ಆದಾಯದ ತಪ್ಪು. ಇವರದು ಟಿಡಿಎಸ್. ಅದನ್ನು ಕಂಪನಿಯೇ ತಿದ್ದಬೇಕು.

ಹಾಸನದವರೇ, ವ್ಯತ್ಯಾಸ 19,500. ಅಂದರೆ ಸರಿಯಾಗಿ ಮೂರು ತಿಂಗಳದ್ದು. 26ಎಎಸ್‌ನಲ್ಲಿ ನಿಮ್ಮ ಕಂಪನಿ ಹೆಸರಿನ ಕೆಳಗೆ ತಿಂಗಳವಾರು ಸಾಲುಗಳನ್ನು ತೆರೆದು ನೋಡಿ. ಜನವರಿಯಿಂದ ಮಾರ್ಚ್‌ವರೆಗಿನ ಸಾಲು ಇದ್ದು, ಸ್ಟೇಟಸ್‌ನಲ್ಲಿ U ಇದ್ದರೆ ಚಲನ್ ಹೊಂದಿಕೆ ಆಗಿಲ್ಲ ಅಂತ. ಸಾಲೇ ಇಲ್ಲದಿದ್ದರೆ ಸಾಮಾನ್ಯವಾಗಿ ಎರಡು ಸಾಧ್ಯತೆ: ಕಂಪನಿ ಆ ತ್ರೈಮಾಸಿಕದ ಟಿಡಿಎಸ್ ಸ್ಟೇಟ್‌ಮೆಂಟ್ ಆದ 24ಕ್ಯೂ ಹಾಕಿಲ್ಲ, ಇಲ್ಲಾ ನಿಮ್ಮ ಪ್ಯಾನ್ ತಪ್ಪಾಗಿದೆ. ಪಕ್ಕದ ಸಹೋದ್ಯೋಗಿಯ 26ಎಎಸ್ ಕೇಳಿ ನೋಡಿ. ಅವರದ್ದು ಪೂರ್ತಿ ಇದ್ದರೆ ಪ್ಯಾನ್ ಕಡೆ ಅನುಮಾನಪಡಿ.

ಇನ್ನೊಂದು. ಫಾರಂ 16ರ ಭಾಗ ಎ ತೆರಿಗೆ ಇಲಾಖೆಯ ಟಿಡಿಎಸ್ ತಾಣ ಟ್ರೇಸಸ್‌ನಿಂದ ಇಳಿಸಿದ್ದಾ? ಮೇಲ್ಗಡೆ ಟ್ರೇಸಸ್ ಲೋಗೋ ಮತ್ತು ಸರ್ಟಿಫಿಕೇಟ್ ನಂಬರ್ ಇರಬೇಕು. ಅಲ್ಲಿಂದ ಬಂದಿದ್ದರೆ ಸಾಮಾನ್ಯವಾಗಿ 26ಎಎಸ್‌ಗೆ ಹೊಂದುತ್ತದೆ.

ಹಾಸನದವ
ಸಾಲೇ ಇಲ್ಲ ಸರ್. ಲೋಗೋನೂ ಇಲ್ಲ, ಕಂಪನಿಯವರೇ ಟೈಪ್ ಮಾಡಿದ್ದು. ಗೆಳೆಯನ 26ಎಎಸ್‌ನಲ್ಲಿ ಹನ್ನೆರಡೂ ತಿಂಗಳು ಇದೆ.

ಚಿಕ್ಕಪೇಟೆ
ಸುಮ್ನೆ 58,500 ಮಾತ್ರ ಕ್ಲೇಮ್ ಮಾಡಿ ಮುಗಿಸಿ. ಪೂರ್ತಿ ಹಾಕಿದರೆ ನೋಟಿಸ್ ಬರುತ್ತೆ.

ಲೆಕ್ಕದವನು
ವ್ಯತ್ಯಾಸಕ್ಕೆ ಡಿಮ್ಯಾಂಡ್ ಬರಬಹುದು, ಅದು ನಿಜ. ಆದರೆ ಸಂಬಳದಿಂದ ಕಡಿತ ಆದ ತೆರಿಗೆಯನ್ನು ಮತ್ತೆ ನೌಕರನಿಂದ ವಸೂಲಿ ಮಾಡುವಂತಿಲ್ಲ ಅಂತ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 205 ಹೇಳುತ್ತದೆ. ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಎತ್ತಿಟ್ಟುಕೊಳ್ಳಿ. ಇದರಿಂದ ರಿಫಂಡ್ ತಾನಾಗಿ ಬರಲ್ಲ, ಅದಕ್ಕೆ 26ಎಎಸ್ ಸರಿಯಾಗಲೇಬೇಕು.

ಈಗ ಪೇರೋಲ್‌ನವರಿಗೆ ಮೇಲ್ ಹಾಕಿ. ನಾಲ್ಕನೇ ತ್ರೈಮಾಸಿಕದ 24ಕ್ಯೂನಲ್ಲಿ ನನ್ನ ಹೆಸರಿನ ಮುಂದೆ ಯಾವ ಪ್ಯಾನ್ ಇದೆ ಅಂತ ಅದೊಂದೇ ಪ್ರಶ್ನೆ ಕೇಳಿ. ತಪ್ಪಿದ್ದರೆ ತಿದ್ದುಪಡಿ ಸ್ಟೇಟ್‌ಮೆಂಟ್ ಹಾಕಲಿ.

ಹಾಸನದವ
ಉತ್ತರ ಬಂತು. ಜನವರಿಯಲ್ಲಿ ಪೇರೋಲ್ ಸಾಫ್ಟ್‌ವೇರ್ ಬದಲಾದಾಗ ನನ್ನ ಪ್ಯಾನ್‌ನ ಎರಡು ಅಂಕಿ ಹಿಂದು ಮುಂದಾಗಿದೆಯಂತೆ! ತಿದ್ದುಪಡಿ ಹಾಕ್ತೀವಿ ಅಂದಿದ್ದಾರೆ, ದಿನ ಹೇಳಿಲ್ಲ. ಕಾಯಲಾ, ಈಗಲೇ ರಿಟರ್ನ್ ಹಾಕಲಾ?

ಲೆಕ್ಕದವನು
ನಾನಾದರೆ ಸೆಪ್ಟೆಂಬರ್ 10ರವರೆಗೆ ಕಾಯುತ್ತಿದ್ದೆ. ಆಮೇಲೂ ಬಾರದಿದ್ದರೆ 78,000 ಹಾಕಿ ಸಲ್ಲಿಸುತ್ತಿದ್ದೆ.

ಚಿಕ್ಕಪೇಟೆ
ನಾನು ಒಪ್ಪಲ್ಲ. ಡಿಮ್ಯಾಂಡ್ ಬಂದಮೇಲೆ ಅದಕ್ಕೆ ಉತ್ತರ ಕೊಡೋ ಓಡಾಟ ಇವರಿಗೇ ಅಲ್ವಾ?

ಹಾಸನದವ
ಪೇರೋಲ್‌ನವರಿಗೆ ಇನ್ನೊಂದು ಮೇಲ್ ಹಾಕಿದ್ದೇನೆ, ಈ ಸಲ ಮ್ಯಾನೇಜರ್‌ನ ಸಿಸಿಯಲ್ಲಿ ಇಟ್ಟು. 26ಎಎಸ್ ಬದಲಾದ ದಿನ ಇಲ್ಲೇ ತಿಳಿಸುತ್ತೇನೆ.