ಸಹಾಯ ಬೇಕು: ತಮ್ಮನ ಜೊತೆ ಕನಸಲ್ಲೂ ಜಗಳ

ನಾನು ಶ್ರೀನಿವಾಸಪುರದವಳು, ಮನೆಗೆ ಹಿರಿಮಗಳು. ಅಮ್ಮನ ಮಂಡಿ ಆಪರೇಷನ್ ಆದಮೇಲೆ ಬೆಳಗಿನ ಜಾವ ತಮ್ಮನ ಜೊತೆ ಜಗಳವಾಡುವ ಕನಸು ಬೀಳುತ್ತಿದೆ. ಕನಸಲ್ಲಿ ಅವನಿನ್ನೂ ಚಿಕ್ಕವನು, ಮಾವಿನ ತೋಪಲ್ಲಿ ಆಡುತ್ತಿರುತ್ತಾನೆ, ನಾನು ಬಿಂದಿಗೆ ಹೊತ್ತುಕೊಂಡು ಬೈಯುತ್ತಿರುತ್ತೇನೆ. ಎದ್ದ ಮೇಲೂ ಸಿಟ್ಟು ಇಳಿಯಲ್ಲ.

ಕನಸು ಬಿದ್ದಾಗೆಲ್ಲ ಹಿಂದಿನ ದಿನ ಏನಾಗಿತ್ತು ಅಂತ ಬರೆದಿಟ್ಟೆ. ಜಾಸ್ತಿ ಅವನು ಫೋನಲ್ಲಿ "ಅಕ್ಕಾ, ನೀನೇ ನೋಡ್ಕೋ" ಅಂದ ದಿನಗಳೇ! (ಅತ್ತೆ ಮಾತ್ರ ಶಾಂತಿ ಮಾಡಿಸು ಅಂತಾರೆ.)

ಕನಸಿನ ವಿಷಯ ಎತ್ತದೆ, ಫಿಸಿಯೋಥೆರಪಿಗೆ ವಾರದಲ್ಲಿ ಎರಡು ದಿನ ನೀನು ಕರ್ಕೊಂಡು ಹೋಗು ಅಂತಷ್ಟೇ ಕೇಳಬೇಕು. ಆದರೆ ಬಾಯಿ ತೆರೆದರೆ ಅದೇ ಬೈಯುವ ಅಕ್ಕನ ದನಿ ಬರುತ್ತದೆ, ಅವನು ಹತ್ತು ವರ್ಷದ ಹುಡುಗನ ಹಾಗೆ ಮುಖ ಊದಿಸಿಕೊಳ್ಳುತ್ತಾನೆ. ಇದನ್ನು ದಾಟಿದವರು ಮೊದಲ ಮಾತು ಹೇಗೆ ಶುರು ಮಾಡಿದಿರಿ? ಫೋನಲ್ಲೋ, ಎದುರಿಗೋ?