ನೆಗಡಿಗೆ ದಿನಾ ಸಾರು, ಹಲ್ಲು ಜುಮ್

ಕೇಳಿದ್ದು: "ನೆಗಡಿ, ಅಜೀರ್ಣಕ್ಕೆ ಅಂತ ದಿನಾ ಎರಡು ಲೋಟ ಹುಣಸೆ ಸಾರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ, ಎದೆ ಉರಿಯುತ್ತದೆ. ಬಿಡಬೇಕಾ?"

ಬಿಡಬೇಕಿಲ್ಲ, ಕುಡಿಯುವ ಕ್ರಮ ಬದಲಾಗಬೇಕು. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲ. ಎಷ್ಟು ಕುದಿಸಿದರೂ ಅದು ಹೋಗದು. ಬೆಲ್ಲ ಹಾಕಿದರೆ ನಾಲಿಗೆಗೆ ಹುಳಿ ತಗ್ಗುತ್ತದೆ, ಹಲ್ಲಿಗಲ್ಲ. ಅರ್ಧ ಗಂಟೆ ಗುಟುಕು ಗುಟುಕಾಗಿ ಹೀರಿದರೆ ಹಲ್ಲಿನ ಹೊರಪದರವಾದ ಎನಾಮಲ್ ಅಷ್ಟೂ ಹೊತ್ತು ಹುಳಿಯಲ್ಲೇ ನೆನೆಯುತ್ತದೆ. ಅದೇ ಸಾರು ಅನ್ನದ ಜೊತೆ ಊಟದಲ್ಲಿ ಮುಗಿದರೆ ಜೊಲ್ಲು ಹುಳಿಯನ್ನು ತೊಳೆದುಬಿಡುತ್ತದೆ.

ಕುಡಿದ ಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ತಕ್ಷಣ ಬ್ರಷ್ ಮಾತ್ರ ಬೇಡ: ಆಗ ಎನಾಮಲ್ ಮೆತ್ತಗಾಗಿರುತ್ತದೆ, ಉಜ್ಜಿದರೆ ಸವೆಯುತ್ತದೆ. ಅರ್ಧದಿಂದ ಒಂದು ಗಂಟೆ ಬಿಡಿ.

ನಾಲ್ವರ ಸಾರಿಗೆ ನಿಂಬೆ ಗಾತ್ರದ ಹುಣಸೆ ಹೆಚ್ಚಾಯಿತು. ಗೋಲಿ ಗಾತ್ರದ್ದು ಸಾಕು, ಉಳಿದದ್ದಕ್ಕೆ ಬೇಳೆಕಟ್ಟು ಧಾರಾಳವಾಗಿ ಸೇರಿಸಿ. ನೆಗಡಿಯಲ್ಲಿ ಮೂಗು ಬಿಡುವುದು ಬಿಸಿ ಹಬೆಗೆ, ಮೆಣಸಿನ ಖಾರಕ್ಕೆ. ಹುಣಸೆ ತಗ್ಗಿಸಿದರೆ ಆ ಆರಾಮಕ್ಕೆ ಕುಂದಿಲ್ಲ. ನೆಗಡಿಯನ್ನೇ ಸಾರು ವಾಸಿ ಮಾಡದು, ಅದು ಬೇರೆ ಮಾತು.

ಎದೆಯುರಿ ಇದ್ದವರಿಗೆ ಖಾಲಿ ಹೊಟ್ಟೆಯಲ್ಲಿ, ಮಲಗುವ ಮುಂಚೆ ಸಾರು ಬೇಡವೇ ಬೇಡ. ಅವರಿಗೆ ಹುಳಿಯ ಜೊತೆ ಮೆಣಸೂ ಕೆರಳಿಸಬಹುದು. ತಣ್ಣೀರಿಗೂ ಹಲ್ಲು ಜುಮ್ಮೆಂದರೆ, ಅಂಚು ತೆಳುವಾಗಿ ಹಳದಿ ಕಂಡರೆ ದಂತವೈದ್ಯರಿಗೆ ತೋರಿಸಿ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.